ನೆಟ್‌ವರ್ಕ್ ರೀಸೆಟ್: ಒತ್ತುವ ಮೊದಲು ತಿಳಿದಿರಬೇಕಾದ್ದು

ಮೊಬೈಲಿನಲ್ಲಿ ಇಂಟರ್ನೆಟ್ ಕೈಕೊಟ್ಟಿತು ಎಂದು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಪೇಟೆಯ ರಿಪೇರಿ ಅಂಗಡಿಗೆ ಹೋಗಿ, ಇಲ್ಲವೇ ಕಾಲೇಜಿಗೆ ಹೋಗುವ ಮಗನನ್ನೇ ಕೇಳಿ. ಸುತ್ತಿ ಬಳಸಿ ಬರುವ ಸಲಹೆ ಒಂದೇ: "ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿ ನೋಡಿ." ರೀಸೆಟ್ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಕೆಲವರಿಗೆ ಗಾಬರಿ. ಮೊಮ್ಮಗುವಿನ ಫೋಟೊ, ವಾಟ್ಸ್‌ಆ್ಯಪ್ ಮಾತುಕತೆ, ನಂಬರುಗಳು ಎಲ್ಲವೂ ಅಳಿಸಿಹೋಗುತ್ತವೇನೋ ಎಂದು ಕೈ ಹಿಂದೆ ಸರಿಯುತ್ತದೆ. ಇನ್ನು ಕೆಲವರು ಹಿಂದೆಮುಂದೆ ನೋಡದೆ ಒತ್ತಿಬಿಡುತ್ತಾರೆ. ಮರುದಿನ ಆಫೀಸಿನ ವೈಫೈ ಸಿಗುವುದಿಲ್ಲ, ಕಾರಿನಲ್ಲಿ ಕರೆ ಕೇಳಿಸುವುದಿಲ್ಲ, ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಹತ್ತುವುದಿಲ್ಲ.

ಮೊದಲಿನವರ ಭಯಕ್ಕೆ ಆಧಾರವಿಲ್ಲ, ಎರಡನೆಯವರ ತೊಂದರೆ ತಪ್ಪಿಸಬಹುದಾದದ್ದು. ಈ ರೀಸೆಟ್ ಯಾವುದನ್ನು ಅಳಿಸುತ್ತದೆ ಎಂಬುದು ಗೊತ್ತಿದ್ದರೆ ಹತ್ತು ನಿಮಿಷದ ಸಿದ್ಧತೆಯಲ್ಲಿ ಕೆಲಸ ಮುಗಿಯುತ್ತದೆ. ಎಷ್ಟೋ ಸಲ ಇದರ ಅಗತ್ಯವೇ ಇಲ್ಲ ಎಂಬುದೂ ಅದೇ ಸಿದ್ಧತೆಯಲ್ಲಿ ತಿಳಿದುಬರುತ್ತದೆ.

ಅಳಿಯುವುದು ಯಾವುದು, ಉಳಿಯುವುದು ಯಾವುದು

ಫೋನು ಹೊರಗಿನ ಪ್ರಪಂಚದೊಂದಿಗೆ ಮೂರು ದಾರಿಯಲ್ಲಿ ಮಾತಾಡುತ್ತದೆ: ವೈಫೈ, ಮೊಬೈಲ್ ನೆಟ್‌ವರ್ಕ್, ಬ್ಲೂಟೂತ್. ಯಾವ ವೈಫೈಗೆ ಯಾವ ಪಾಸ್‌ವರ್ಡ್, ಯಾವ ಸಿಮ್‌ನಿಂದ ಡೇಟಾ, ಯಾವ ಇಯರ್‌ಫೋನ್ ನಮ್ಮದು ಎಂಬುದನ್ನೆಲ್ಲ ಅದು ಒಂದು ಕಡೆ ನೆನಪಿಟ್ಟುಕೊಂಡಿರುತ್ತದೆ. ನೆಟ್‌ವರ್ಕ್ ರೀಸೆಟ್ ಅಳಿಸುವುದು ಆ ನೆನಪನ್ನು ಮಾತ್ರ. ಫೋಟೊ, ವಿಡಿಯೊ, ಸಂಪರ್ಕ ಸಂಖ್ಯೆಗಳು, ಎಸ್ಸೆಮ್ಮೆಸ್, ವಾಟ್ಸ್‌ಆ್ಯಪ್, ಬ್ಯಾಂಕ್ ಆ್ಯಪ್‌ಗಳು ಇದ್ದಲ್ಲೇ ಇರುತ್ತವೆ.

ಆಂಡ್ರಾಯ್ಡ್ ಫೋನಿನಲ್ಲಿ ಇದರ ಪರಿಣಾಮ ಹೀಗಿರುತ್ತದೆ. ವೈಫೈ ವಿಚಾರದಲ್ಲಿ, ಇದುವರೆಗೆ ಸೇರಿಸಿದ ಎಲ್ಲ ವೈಫೈ ಹೆಸರುಗಳೂ ಪಾಸ್‌ವರ್ಡ್‌ಗಳೂ ಹೋಗುತ್ತವೆ. ಮನೆಯದು ಮಾತ್ರವಲ್ಲ, ತವರುಮನೆಯದು, ಆಫೀಸಿನದು, ಆರು ತಿಂಗಳಿಗೊಮ್ಮೆ ಹೋಗುವ ಆಸ್ಪತ್ರೆಯದು ಎಲ್ಲವೂ. ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ನೀವು ಇಟ್ಟ ಹೆಸರು, ಪಾಸ್‌ವರ್ಡ್ ಕೂಡ ಸಾಮಾನ್ಯವಾಗಿ ಕಂಪನಿ ಕೊಟ್ಟ ಮೂಲ ರೂಪಕ್ಕೆ ಮರಳುತ್ತವೆ. ಬ್ಲೂಟೂತ್‌ನಲ್ಲಿ, ಜೋಡಿಸಿದ ಇಯರ್‌ಫೋನ್, ಕಾರು, ವಾಚು, ಸ್ಪೀಕರು ಎಲ್ಲದರ ಪಟ್ಟಿ ಖಾಲಿಯಾಗುತ್ತದೆ. ಮೊಬೈಲ್ ನೆಟ್‌ವರ್ಕಿನಲ್ಲಿ ಎಪಿಎನ್ ವಿವರ, 4ಜಿ ಅಥವಾ 5ಜಿ ಎಂದು ನಾವು ಆರಿಸಿಟ್ಟದ್ದು, ಡೇಟಾ ರೋಮಿಂಗ್ ಇವೆಲ್ಲ ಆರಂಭದ ಸ್ಥಿತಿಗೆ ಹೋಗುತ್ತವೆ. ತಿಂಗಳಿಗೆ ಇಷ್ಟೇ ಡೇಟಾ ಎಂದು ಹಾಕಿಕೊಂಡ ಮಿತಿ, ಡೇಟಾ ಸೇವರ್, ಸದಾ ಆನ್ ಇರಲಿ ಎಂದು ಇಟ್ಟ ವಿಪಿಎನ್ ಕೂಡ ಹೋಗಬಹುದು.

ಐಫೋನಿನಲ್ಲಿ ವೈಫೈ ಪಾಸ್‌ವರ್ಡ್‌ಗಳು, ಮೊಬೈಲ್ ಡೇಟಾ ಸೆಟ್ಟಿಂಗು, ನಾವೇ ಹಾಕಿಕೊಂಡ ವಿಪಿಎನ್ ಅಳಿಯುತ್ತವೆ. ಆಫೀಸಿನವರು ಪ್ರೊಫೈಲ್ ಮೂಲಕ ಹಾಕಿಕೊಟ್ಟ ವಿಪಿಎನ್ ಉಳಿಯುತ್ತದೆ. ಅದರ ಜೊತೆಗೆ ಹೆಚ್ಚಿನವರ ಗಮನಕ್ಕೆ ಬಾರದ ಎರಡು ಬದಲಾವಣೆಗಳಿವೆ. ಫೋನಿಗೆ ನೀವು ಇಟ್ಟ ಹೆಸರು ಹೋಗಿ ಬರೀ "iPhone" ಎಂದಾಗುತ್ತದೆ. ನೀವೇ ಕೈಯಾರೆ ನಂಬಿಕಸ್ಥ ಎಂದು ಒಪ್ಪಿದ್ದ ಸರ್ಟಿಫಿಕೇಟುಗಳು ಆ ಮಾನ್ಯತೆ ಕಳೆದುಕೊಳ್ಳುತ್ತವೆ. ಕಚೇರಿಯ ಒಳಗಿನ ಜಾಲತಾಣಗಳನ್ನು ಫೋನಿನಲ್ಲಿ ತೆರೆಯುವವರಿಗೆ ಈ ಎರಡನೆಯದು ಮುಖ್ಯ.

ಮೊದಲು ಬರೆದಿಟ್ಟುಕೊಳ್ಳಬೇಕಾದ್ದು

ಮೊದಲನೆಯದು ವೈಫೈ ಪಾಸ್‌ವರ್ಡ್. ಫೈಬರ್ ಹಾಕಿಸಿದ ದಿನ ಲೈನ್‌ಮನ್ ಹಾಕಿಕೊಟ್ಟ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಬಾಯಿಗೆ ಬರುವುದಿಲ್ಲ, ಫೋನಿಗೆ ಮಾತ್ರ ಗೊತ್ತಿರುತ್ತದೆ. ಅದನ್ನು ಫೋನಿನಿಂದಲೇ ಹೊರತೆಗೆಯಬಹುದು. ಆಂಡ್ರಾಯ್ಡ್ 10ರಿಂದೀಚಿನ ಫೋನುಗಳಲ್ಲಿ, ಸೇರಿಕೊಂಡಿರುವ ವೈಫೈ ಪಕ್ಕದ ಗಾಲಿಯ ಚಿಹ್ನೆ ಒತ್ತಿ "Share" ಆರಿಸಿ. ಫೋನು ಪಿನ್ ಅಥವಾ ಬೆರಳಚ್ಚು ಕೇಳಿ ಒಂದು ಕ್ಯೂಆರ್ ಕೋಡ್ ತೋರಿಸುತ್ತದೆ. ಹಲವು ಫೋನುಗಳಲ್ಲಿ ಅದರ ಕೆಳಗೇ ಪಾಸ್‌ವರ್ಡ್ ಅಕ್ಷರಗಳಲ್ಲಿ ಕಾಣುತ್ತದೆ. ಕಾಣದಿದ್ದರೆ ಮನೆಯ ಇನ್ನೊಂದು ಫೋನಿನಿಂದ ಆ ಕೋಡನ್ನು ಸ್ಕ್ಯಾನ್ ಮಾಡಿ. ಅದರೊಳಗಿನ ಬರಹ ಹೀಗಿರುತ್ತದೆ:

```
WIFI:T:WPA;S:Mane_Fiber;P:Adike@2019;;
```

ಇಲ್ಲಿ S: ಆದಮೇಲಿನದು ವೈಫೈ ಹೆಸರು, P: ಆದಮೇಲಿನದು ಪಾಸ್‌ವರ್ಡ್. ದೊಡ್ಡಕ್ಷರ, ಸಣ್ಣಕ್ಷರ ಇದ್ದ ಹಾಗೆಯೇ ಕಾಗದದ ಮೇಲೆ ಬರೆಯಿರಿ. ಫೋನಿನೊಳಗಿನ ನೋಟ್ಸ್‌ನಲ್ಲಿ ಬರೆದರೂ ಅಳಿಯುವುದಿಲ್ಲ, ಆದರೆ ಪಾಸ್‌ವರ್ಡ್ ಹಾಕುವಾಗ ಎರಡು ಪರದೆಗಳ ನಡುವೆ ಓಡಾಡುವ ತೊಂದರೆ ಕಾಗದದಲ್ಲಿಲ್ಲ. ಐಒಎಸ್ 16ರಿಂದೀಚೆಗೆ ಐಫೋನಿನಲ್ಲೂ ವೈಫೈ ಹೆಸರಿನ ಪಕ್ಕದ i ಚಿಹ್ನೆ ಒತ್ತಿದರೆ "Password" ಎಂಬ ಸಾಲು ಸಿಗುತ್ತದೆ.

ಆಫೀಸು, ಕಾಲೇಜುಗಳ ವೈಫೈ ಬೇರೆ ಬಗೆಯದು. ಅಲ್ಲಿ ಪಾಸ್‌ವರ್ಡ್ ಒಂದೇ ಸಾಲದು. ಹೆಸರು ಹಾಕುವ "Identity", "EAP method", "Phase 2", "Domain" ಮುಂತಾದ ಖಾನೆಗಳಿರುತ್ತವೆ. ಅವುಗಳಲ್ಲಿ ಒಂದು ತಪ್ಪಿದರೂ ಸಂಪರ್ಕ ಆಗುವುದಿಲ್ಲ. ಆ ಪರದೆಯನ್ನು ಇನ್ನೊಂದು ಫೋನಿನಿಂದ ಫೋಟೊ ತೆಗೆದಿಡಿ, ಮತ್ತು ರೀಸೆಟ್ ಮಾಡುವ ಮೊದಲೇ ಅಲ್ಲಿನ ಐಟಿ ವಿಭಾಗದವರಿಗೆ ಒಂದು ಮಾತು ಹೇಳಿಡಿ.

ಪಿಜಿ, ಹಾಸ್ಟೆಲುಗಳಲ್ಲಿ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಕೆಲವು ಕಡೆ ಫೋನಿನ ಮ್ಯಾಕ್ ವಿಳಾಸವನ್ನು ಬರೆಸಿಕೊಂಡು, ಆ ವಿಳಾಸದ ಫೋನಿಗೆ ಮಾತ್ರ ವೈಫೈ ಬಿಡುತ್ತಾರೆ. ಈಗಿನ ಫೋನುಗಳು ಗೋಪ್ಯತೆಗಾಗಿ ಪ್ರತಿ ವೈಫೈಗೂ ಒಂದು ಕಲ್ಪಿತ ಮ್ಯಾಕ್ ವಿಳಾಸ ತೋರಿಸುತ್ತವೆ. ಹಾಗಾಗಿ ಹಾಸ್ಟೆಲಿನಲ್ಲಿ ನಿಜವಾದ ವಿಳಾಸವನ್ನೇ ಬಳಸು ಎಂದು ಮೊದಲೊಮ್ಮೆ ಆರಿಸಿರುತ್ತೇವೆ. ರೀಸೆಟ್ ಆದಮೇಲೆ ಆ ಆಯ್ಕೆ ಉಳಿದಿರುವುದಿಲ್ಲ. ಐಫೋನಿನಲ್ಲಂತೂ ನೆಟ್‌ವರ್ಕ್ ರೀಸೆಟ್ ಮಾಡಿದರೆ ಕಲ್ಪಿತ ವಿಳಾಸವೇ ಬದಲಾಗುತ್ತದೆ. ಪಾಸ್‌ವರ್ಡ್ ಸರಿಯಾಗಿದ್ದರೂ ರೂಟರಿಗೆ ನೀವು ಅಪರಿಚಿತರಾಗುತ್ತೀರಿ. ವೈಫೈನ ವಿವರಗಳ ಪರದೆಯಲ್ಲಿ "Privacy" ಎಂಬಲ್ಲಿ ಈಗ ಏನಿದೆ ಎಂದು ನೋಡಿ ಬರೆದುಕೊಂಡಿದ್ದರೆ ಇದನ್ನು ಸರಿಪಡಿಸುವುದು ಸುಲಭ.

ಮೊಬೈಲ್ ಡೇಟಾಗೆ ಬೇಕಾದದ್ದು ಎಪಿಎನ್. ನಮ್ಮ ದೇಶದ ಸಾಮಾನ್ಯ ಪ್ರಿಪೇಯ್ಡ್, ಪೋಸ್ಟ್‌ಪೇಯ್ಡ್ ಸಿಮ್‌ಗಳಲ್ಲಿ ಇದು ತಾನಾಗಿಯೇ ಮರಳಿ ಬರುತ್ತದೆ. ಸಿಮ್ ಯಾವ ಕಂಪನಿಯದು ಎಂದು ನೋಡಿ ಫೋನು ತನ್ನ ಪಟ್ಟಿಯಿಂದ ಸರಿಯಾದ್ದನ್ನು ತೆಗೆದುಕೊಳ್ಳುತ್ತದೆ. ಹಾಗೆ ಆಗದಿದ್ದರೆ ಕೈಯಾರೆ ಹಾಕಲು ಗೊತ್ತಿರಲಿ: ಜಿಯೊಗೆ `jionet`, ಏರ್‌ಟೆಲ್‌ಗೆ `airtelgprs.com`, ಬಿಎಸ್‌ಎನ್‌ಎಲ್‌ಗೆ `bsnlnet`. ಕಂಪನಿ ಕೊಟ್ಟ ವಿಶೇಷ ಸಿಮ್ ಇದ್ದವರು ಮಾತ್ರ ಎಪಿಎನ್ ಪರದೆಯ ಎಲ್ಲ ಖಾನೆಗಳನ್ನೂ ಫೋಟೊ ತೆಗೆದಿಡಲೇಬೇಕು, ಏಕೆಂದರೆ ಅವರ ಎಪಿಎನ್ ಫೋನಿನ ಪಟ್ಟಿಯಲ್ಲಿ ಇರುವುದಿಲ್ಲ.

ಇನ್ನು ಇ-ಸಿಮ್. ಕೆಲವು ಫೋನುಗಳಲ್ಲಿ ರೀಸೆಟ್ ಪರದೆಯ ಮೇಲೆಯೇ ಇ-ಸಿಮ್ ಅಳಿಸುವ ಒಂದು ಚೌಕ ಇರುತ್ತದೆ. ಅದರಲ್ಲಿ ಗುರುತು ಇರಕೂಡದು. ಪ್ಲಾಸ್ಟಿಕ್ ಸಿಮ್ಮಿಗೆ ರೀಸೆಟ್‌ನಿಂದ ಏನೂ ಆಗುವುದಿಲ್ಲ, ಆದರೆ ಇ-ಸಿಮ್ ಅಳಿದರೆ ನಂಬರೇ ಫೋನಿನಿಂದ ಹೋದಂತೆ. ಅದನ್ನು ಮರಳಿ ಪಡೆಯಲು ಕಂಪನಿಯನ್ನು ಕೇಳಬೇಕು. ಅಷ್ಟರವರೆಗೆ ಬ್ಯಾಂಕಿನ ಒಟಿಪಿ ಬರುವುದಿಲ್ಲ. ರೀಸೆಟ್ ಒತ್ತುವ ಮೊದಲು ಪರದೆಯ ಮೇಲಿನ ಪ್ರತಿ ಸಾಲನ್ನೂ ಓದಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ತಪ್ಪು ಎಲ್ಲಿದೆ ಎಂದು ಹಿಡಿಯುವುದು

ಫೋನಿನ ನೆನಪಿನಲ್ಲಿ ಕೆಟ್ಟದ್ದೇನಾದರೂ ಸೇರಿಕೊಂಡಿದ್ದರೆ ಮಾತ್ರ ಈ ರೀಸೆಟ್ ಉಪಯೋಗಕ್ಕೆ ಬರುತ್ತದೆ. ಟವರ್ ಕೆಟ್ಟಿದ್ದರೆ, ಫೈಬರ್ ತುಂಡಾಗಿದ್ದರೆ, ರೀಚಾರ್ಜ್ ಮುಗಿದಿದ್ದರೆ ಫೋನಿನಲ್ಲಿ ಏನು ಅಳಿಸಿದರೂ ಪ್ರಯೋಜನವಿಲ್ಲ. ಆದ್ದರಿಂದ ತಪ್ಪು ಫೋನಿನದೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಅದು ಹೇಗೆಂದು ಒಂದು ಸಂದರ್ಭ ಇಟ್ಟುಕೊಂಡು ನೋಡೋಣ.

ತೀರ್ಥಹಳ್ಳಿ ಕಡೆಯ ಒಂದು ಒಂಟಿ ಮನೆ ಎಂದುಕೊಳ್ಳಿ. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಫೈಬರ್ ಇದೆ, ಫೋನಿನ ಕರೆಗಳೂ ವೈಫೈ ಕಾಲಿಂಗ್ ಮೂಲಕವೇ ಬರುತ್ತವೆ. ಮನೆಯಾಕೆಯ ಆಂಡ್ರಾಯ್ಡ್ ಫೋನಿಗೆ ಒಂದು ಸಿಸ್ಟಂ ಅಪ್‌ಡೇಟ್ ಬಂತು. ಮರುದಿನದಿಂದ ವೈಫೈ ಸೇರಿಕೊಳ್ಳುತ್ತದೆ, ಎರಡು ನಿಮಿಷದಲ್ಲಿ ಬಿಟ್ಟುಹೋಗುತ್ತದೆ, ಮತ್ತೆ ಸೇರುತ್ತದೆ. ಕರೆ ಅರ್ಧಕ್ಕೆ ಕಡಿದುಹೋಗುತ್ತದೆ.

ಮೊದಲ ಪ್ರಶ್ನೆ: ಅದೇ ವೈಫೈನಲ್ಲಿ ಮನೆಯ ಉಳಿದ ಫೋನುಗಳು ಹೇಗಿವೆ? ಗಂಡನ ಫೋನೂ ಟಿವಿಯೂ ಚೆನ್ನಾಗಿ ನಡೆಯುತ್ತಿವೆ. ಹಾಗಾದರೆ ಫೈಬರೂ ರೂಟರೂ ಸರಿ ಇವೆ. ಎರಡನೆಯ ಪ್ರಶ್ನೆ: ಆಕೆಯ ಫೋನು ಬೇರೆ ವೈಫೈನಲ್ಲಿ ಹೇಗಿದೆ? ಬಸ್ ಸ್ಟಾಪಿನ ಹತ್ತಿರ ಟವರ್ ಸಿಗುತ್ತದೆ. ಅಲ್ಲಿಗೆ ಹೋಗಿ ಗಂಡನ ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ನೋಡಿದರೆ ಅಲ್ಲೂ ಅದೇ ಕಥೆ. ಅಂದರೆ ತೊಂದರೆ ಮನೆಯ ವೈಫೈಗೆ ಮಾತ್ರ ಸೀಮಿತವಲ್ಲ. ಮೂರನೆಯ ಪ್ರಶ್ನೆ: ಅದೇ ಜಾಗದಲ್ಲಿ ವೈಫೈ ಆಫ್ ಮಾಡಿ, ಆಕೆಯ ಸಿಮ್‌ನ ಡೇಟಾ ಹಾಕಿದರೆ? ಸರಾಗವಾಗಿ ಓಡುತ್ತದೆ. ಸಿಮ್, ರೀಚಾರ್ಜ್, ಎಪಿಎನ್ ಎಲ್ಲ ಸರಿ. ಜೊತೆಗೆ ಬ್ಲೂಟೂತ್ ಇಯರ್‌ಫೋನ್ ಕೂಡ ಅಪ್‌ಡೇಟ್ ಆದ ದಿನದಿಂದ ನಡುನಡುವೆ ಕಡಿಯುತ್ತಿದೆ ಎಂಬುದು ನೆನಪಾಗುತ್ತದೆ. ಈ ಮೂರು ಉತ್ತರಗಳು ಸೇರಿ ಬೆರಳು ತೋರಿಸುವುದು ಆ ಫೋನಿನ ವೈಫೈ ಮತ್ತು ಬ್ಲೂಟೂತ್ ಕಡೆಗೆ.

ಇಷ್ಟಾದರೂ ರೀಸೆಟ್‌ಗೆ ಕೈಹಾಕುವ ಮೊದಲು ಸಣ್ಣ ಮದ್ದುಗಳನ್ನು ಮಾಡಿ ನೋಡಬೇಕು. ಫೋನನ್ನು ಆಫ್ ಮಾಡಿ ಆನ್ ಮಾಡುವುದು. ಮನೆಯ ವೈಫೈ ಒಂದನ್ನೇ "Forget" ಮಾಡಿ ಮತ್ತೆ ಸೇರಿಸುವುದು. ವಿಪಿಎನ್ ಇದ್ದರೆ ನಿಲ್ಲಿಸುವುದು. ದಿನಾಂಕ, ಸಮಯ ಸರಿಯಾಗಿವೆಯೇ ಎಂದು ನೋಡುವುದು. ಅವು ತಪ್ಪಿದ್ದರೆ ವೈಫೈ ಸೇರಿಕೊಂಡರೂ ಜಾಲತಾಣಗಳು ತೆರೆಯುವುದಿಲ್ಲ.

ಇದೇ ಹೊತ್ತಿನಲ್ಲಿ "Private DNS" ಎಂಬ ಸೆಟ್ಟಿಂಗನ್ನೂ ತೆರೆದು ನೋಡುವುದು ಒಳ್ಳೆಯದು. ಜಾಹೀರಾತು ತಡೆಯಲೆಂದು ಯಾವುದೋ ವಿಡಿಯೊ ನೋಡಿ ಅಲ್ಲಿ ಒಂದು ವಿಳಾಸ ಹಾಕಿ ಮರೆತಿರುತ್ತೇವೆ. ಆ ವಿಳಾಸ ಕೆಲಸ ನಿಲ್ಲಿಸಿದ ದಿನ ವೈಫೈ, ಮೊಬೈಲ್ ಡೇಟಾ ಎರಡರಲ್ಲೂ ಇಂಟರ್ನೆಟ್ ನಿಲ್ಲುತ್ತದೆ, "Private DNS server cannot be accessed" ಎಂಬ ಸೂಚನೆ ಬರುತ್ತದೆ. ಅದನ್ನು "Automatic" ಮಾಡಿದರೆ ಮುಗಿಯಿತು. ಇಂಟರ್ನೆಟ್ ವೇಗ ಹೆಚ್ಚುತ್ತದೆ ಎಂದು ಎಪಿಎನ್ ಬದಲಿಸಿಕೊಂಡು ಡೇಟಾ ಕಳೆದುಕೊಂಡವರಿಗೂ ಇಂಥದೇ ಸುಲಭ ಪರಿಹಾರ ಇದೆ. ಎಪಿಎನ್ ಪರದೆಯ ಮೂರು ಚುಕ್ಕಿಯ ಮೆನುವಿನಲ್ಲಿ "Reset to default" ಒತ್ತಿದರೆ ಎಪಿಎನ್ ಮಾತ್ರ ಸರಿಹೋಗುತ್ತದೆ, ಉಳಿದದ್ದೆಲ್ಲ ಹಾಗೇ ಇರುತ್ತದೆ.

ನಮ್ಮ ಉದಾಹರಣೆಯ ಫೋನಿನಲ್ಲಿ ಇವು ಯಾವುದರಿಂದಲೂ ಗುಣ ಕಾಣಲಿಲ್ಲ ಎಂದುಕೊಳ್ಳೋಣ. ಈಗ ನೆಟ್‌ವರ್ಕ್ ರೀಸೆಟ್‌ಗೆ ಸರಿಯಾದ ಸಮಯ.

ಒತ್ತುವಾಗ

ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ದಾರಿ Settings, System, Reset options. ಸ್ಯಾಮ್‌ಸಂಗ್‌ನಲ್ಲಿ Settings, General management, Reset. ಹಳೆಯ ಆಂಡ್ರಾಯ್ಡ್‌ನಲ್ಲಿ "Reset Wi-Fi, mobile & Bluetooth" ಎಂದು ಒಂದೇ ಸಾಲು ಇರುತ್ತದೆ. ಹೊಸದರಲ್ಲಿ ಅದನ್ನು ಎರಡಾಗಿ ಒಡೆದಿದ್ದಾರೆ: "Reset Bluetooth & Wi-Fi" ಒಂದು, "Reset Mobile Network Settings" ಇನ್ನೊಂದು. ಎರಡಾಗಿದ್ದರೆ ನಮ್ಮ ಮನೆಯಾಕೆಗೆ ಮೊದಲನೆಯದಷ್ಟೇ ಸಾಕು. ಮೊಬೈಲ್ ಡೇಟಾ ಸರಿಯಿದೆ ಎಂದು ಬಸ್ ಸ್ಟಾಪಿನ ಹತ್ತಿರ ಪರೀಕ್ಷಿಸಿದ್ದರ ಲಾಭ ಇಲ್ಲಿ ಸಿಗುತ್ತದೆ. ಐಫೋನಿನಲ್ಲಿ Settings, General, Transfer or Reset iPhone, Reset, ಅಲ್ಲಿ "Reset Network Settings".

ಇಲ್ಲಿ ಅವಸರ ಬೇಡ. ಅದೇ ಪರದೆಯ ಮೇಲೆ, ಒಂದೆರಡು ಸಾಲಿನ ಅಂತರದಲ್ಲಿ, "Erase all data (factory reset)" ಇರುತ್ತದೆ. ಐಫೋನಿನಲ್ಲಿ "Erase All Content and Settings". ಫೋಟೊ, ಸಂದೇಶ ಎಲ್ಲವನ್ನೂ ಅಳಿಸುವುದು ಅದು. ಮುಂದಿನ ಪರದೆ ಏನನ್ನು ಅಳಿಸುತ್ತೇನೆ ಎಂದು ಬರೆದು ತೋರಿಸುತ್ತದೆ. ಅಲ್ಲಿ ವೈಫೈ, ಬ್ಲೂಟೂತ್, ಮೊಬೈಲ್ ಡೇಟಾ ಬಿಟ್ಟು ಮ್ಯೂಸಿಕ್, ಫೋಟೊ, ಅಕೌಂಟ್ ಎಂಬ ಪದಗಳು ಕಂಡರೆ ಹಿಂದಕ್ಕೆ ಬನ್ನಿ. ಮನೆಯ ರೂಟರಿನ ಹಿಂದೆ ಪಿನ್ನಿನಿಂದ ಚುಚ್ಚುವ ರೀಸೆಟ್ ಗುಂಡಿಗೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಒತ್ತಿದರೆ ಫೈಬರ್ ಕಂಪನಿಯ ಲಾಗಿನ್ ವಿವರವೇ ರೂಟರಿನಿಂದ ಹೋಗಬಹುದು, ಮತ್ತೆ ಹಾಕಲು ಅವರ ಕಡೆಯವರೇ ಬರಬೇಕಾದೀತು.

ಆದಮೇಲೆ

ರೀಸೆಟ್ ಆದ ಮೇಲೆ ಒಮ್ಮೆ ಫೋನನ್ನು ಆಫ್ ಮಾಡಿ ಆನ್ ಮಾಡಿ. ಮನೆಯ ವೈಫೈ ಒಂದನ್ನು ಮಾತ್ರ ಸೇರಿಸಿ. ಉಳಿದದ್ದೆಲ್ಲವನ್ನೂ ಒಟ್ಟಿಗೇ ಮರಳಿ ಹಾಕಿಬಿಟ್ಟರೆ, ತೊಂದರೆ ಮತ್ತೆ ಬಂದಾಗ ಯಾವುದರಿಂದ ಬಂತು ಎಂದು ಹೇಳುವುದು ಕಷ್ಟ. ಒಂದು ದಿನ ನೋಡಿ, ಆಮೇಲೆ ಬ್ಲೂಟೂತ್, ಅದಾದಮೇಲೆ ವಿಪಿಎನ್. ಸಿಗ್ನಲ್ ಇಲ್ಲದ ಮನೆಯವರು ವೈಫೈ ಕಾಲಿಂಗ್ ಆನ್ ಇದೆಯೇ ಎಂದು ತಪ್ಪದೆ ನೋಡಬೇಕು. ಮೊಬೈಲ್ ಭಾಗವನ್ನೂ ರೀಸೆಟ್ ಮಾಡಿದ್ದರೆ 4ಜಿ ಕಾಲಿಂಗ್ ಎಂಬ ಆಯ್ಕೆಯನ್ನೂ ನೋಡಿ. ಜಿಯೊ ಸಿಮ್ ಇದ್ದವರಿಗೆ ಇದು ಬಹಳ ಮುಖ್ಯ. ಆ ಕಂಪನಿಗೆ 2ಜಿ, 3ಜಿ ಜಾಲವೇ ಇಲ್ಲದ್ದರಿಂದ ಆ ಆಯ್ಕೆ ಆಫ್ ಆಗಿದ್ದರೆ ಕರೆ ಹೋಗುವುದಿಲ್ಲ. ಎರಡು ಸಿಮ್ ಇದ್ದವರು ಡೇಟಾ ಯಾವುದರಿಂದ, ಕರೆ ಯಾವುದರಿಂದ ಎಂಬುದನ್ನು ಮತ್ತೊಮ್ಮೆ ನೋಡಿಕೊಳ್ಳಲಿ. ಊರು ಬಿಟ್ಟು ಹೊರದೇಶದಲ್ಲಿ ಇದ್ದು ಭಾರತದ ಸಿಮ್ ಬಳಸುತ್ತಿರುವವರಿಗೆ ಡೇಟಾ ರೋಮಿಂಗ್ ಆಫ್ ಆಗಿರುವ ಸಾಧ್ಯತೆ ಇದೆ.

ಬ್ಲೂಟೂತ್ ಸಾಧನಗಳು ಮರಳಿ ಜೋಡಣೆಯಾಗದೆ ಸತಾಯಿಸುವುದು ಸಾಮಾನ್ಯ, ಮುಖ್ಯವಾಗಿ ಕಾರು. ಇದಕ್ಕೆ ಕಾರಣವಿದೆ. ಎರಡು ಸಾಧನಗಳು ಮೊದಲ ಸಲ ಜೋಡಿಯಾದಾಗ ಒಂದು ರಹಸ್ಯ ಕೀಲಿಯನ್ನು ಮಾಡಿಕೊಂಡು ಎರಡೂ ಕಡೆ ಇಟ್ಟುಕೊಳ್ಳುತ್ತವೆ. ರೀಸೆಟ್ ಮಾಡಿದಾಗ ಫೋನಿನ ಕಡೆಯ ಕೀಲಿ ಮಾತ್ರ ಹೋಗುತ್ತದೆ. ಕಾರಿನ ಪರದೆಯಲ್ಲಿ ನಿಮ್ಮ ಫೋನಿನ ಹೆಸರು ಹಾಗೇ ಇದ್ದು, ಅದು ಹಳೆಯ ಕೀಲಿಯನ್ನೇ ಕೇಳುತ್ತಿರುತ್ತದೆ. ಮೊದಲು ಕಾರಿನ ಬ್ಲೂಟೂತ್ ಪಟ್ಟಿಯಿಂದ ಫೋನನ್ನು ತೆಗೆದುಹಾಕಿ, ಆಮೇಲೆ ಹೊಸದಾಗಿ ಜೋಡಿಸಿ. ಇಯರ್‌ಫೋನ್ ಆದರೆ ಅದರ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿಹಿಡಿದು ಜೋಡಣೆಯ ಸ್ಥಿತಿಗೆ ತರಬೇಕು. ಸ್ಮಾರ್ಟ್ ವಾಚಿನ ವಿಷಯದಲ್ಲಿ ಮಾತ್ರ ಮೊದಲೇ ಯೋಚಿಸಿ. ಕೆಲವು ವಾಚುಗಳನ್ನು ಪೂರ್ತಿ ಅಳಿಸಿಯೇ ಮತ್ತೆ ಜೋಡಿಸಬೇಕಾಗುತ್ತದೆ. ಅದರ ಆ್ಯಪ್‌ನಲ್ಲಿ ಬ್ಯಾಕಪ್ ಇದೆಯೇ ಎಂದು ರೀಸೆಟ್‌ಗೆ ಮುಂಚೆಯೇ ನೋಡಿಡಿ. ಶ್ರವಣ ಸಾಧನವನ್ನು ಫೋನಿಗೆ ಜೋಡಿಸಿಕೊಂಡಿರುವ ಹಿರಿಯರ ಫೋನನ್ನು, ಮತ್ತೆ ಜೋಡಿಸಿಕೊಡುವವರು ಹತ್ತಿರ ಇಲ್ಲದ ದಿನ ರೀಸೆಟ್ ಮಾಡಬೇಡಿ.

ಲ್ಯಾಪ್‌ಟಾಪಿನಲ್ಲೂ ಇಂಥದೇ ಆಯ್ಕೆ ಇದೆ, ಆದರೆ ಅಲ್ಲಿ ಅದು ಇನ್ನೂ ಆಳಕ್ಕೆ ಹೋಗುತ್ತದೆ. ವಿಂಡೋಸ್ 10 ಮತ್ತು 11ರ "Network reset" ಎಲ್ಲ ನೆಟ್‌ವರ್ಕ್ ಅಡಾಪ್ಟರುಗಳನ್ನೂ ತೆಗೆದುಹಾಕಿ ಮತ್ತೆ ಸ್ಥಾಪಿಸುತ್ತದೆ. ಕೈಯಾರೆ ಹಾಕಿದ ಐಪಿ, ಡಿಎನ್‌ಎಸ್ ಹೋಗುತ್ತವೆ, ವಿಪಿಎನ್ ತಂತ್ರಾಂಶವನ್ನು ಮತ್ತೆ ಹಾಕಬೇಕಾಗಬಹುದು. "Reset now" ಒತ್ತಿದ ಐದು ನಿಮಿಷಕ್ಕೆ ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತದೆ, ಹಾಗಾಗಿ ತೆರೆದ ಕಡತಗಳನ್ನು ಮೊದಲೇ ಉಳಿಸಿಕೊಳ್ಳಿ. ವೈಫೈ ಪಾಸ್‌ವರ್ಡ್ ಬರೆದುಕೊಳ್ಳಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಹಾಕಿ, "Key Content" ಎದುರಿನ ಅಕ್ಷರಗಳನ್ನು ನೋಡಿ:

```
netsh wlan show profile name="Mane_Fiber" key=clear
```

ನಮ್ಮ ತೀರ್ಥಹಳ್ಳಿ ಫೋನಿಗೆ ಮರಳುವುದಾದರೆ, ರೀಸೆಟ್ ಆದಮೇಲೆ ವೈಫೈ ಇಡೀ ದಿನ ಬಿಡದೆ ನಿಂತರೆ ಅಪ್‌ಡೇಟ್ ವೇಳೆ ಹಳೆಯ ಸೆಟ್ಟಿಂಗು ಕೆಟ್ಟಿತ್ತು ಎಂದು ತಿಳಿಯಬಹುದು. ಖಾಲಿ ಪಟ್ಟಿಯ ಮೇಲೆ ಒಂದೇ ಒಂದು ವೈಫೈ ಸೇರಿಸಿದ್ದರೂ ಎರಡು ನಿಮಿಷಕ್ಕೆ ಕಡಿಯುತ್ತಿದ್ದರೆ ತಪ್ಪು ಸೆಟ್ಟಿಂಗಿನದಲ್ಲ. ಹೆಚ್ಚಿನ ಫೋನುಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಎರಡನ್ನೂ ಒಂದೇ ಚಿಪ್ ನೋಡಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಕಡಿಯುತ್ತಿವೆ ಎಂದರೆ ಆ ಚಿಪ್ ಅಥವಾ ಹೊಸ ಅಪ್‌ಡೇಟ್‌ನಲ್ಲೇ ದೋಷವಿರಬಹುದು. ಅದೇ ರೀಸೆಟ್ಟನ್ನು ಮತ್ತೆ ಮತ್ತೆ ಮಾಡುವುದರಿಂದ ಫಲವಿಲ್ಲ, ಇಡೀ ಫೋನು ಅಳಿಸಲು ಆತುರಪಡುವುದೂ ಬೇಡ. ಮುಂದಿನ ಅಪ್‌ಡೇಟ್ ಬಂದಿದೆಯೇ ಎಂದು ನೋಡಿ, ಬಂದಿಲ್ಲದಿದ್ದರೆ ಸರ್ವಿಸ್ ಸೆಂಟರಿಗೆ ಹೋಗಿ. ಉಳಿದ ಫೋನುಗಳಲ್ಲಿ ವೈಫೈ ಸರಿಯಿತ್ತು, ಬೇರೆ ವೈಫೈನಲ್ಲೂ ಕಡಿಯಿತು, ಬ್ಲೂಟೂತ್ ಕೂಡ ಕಡಿಯಿತು, ನೆಟ್‌ವರ್ಕ್ ರೀಸೆಟ್ ಮಾಡಿಯೂ ಹಾಗೇ ಇದೆ ಎಂದು ಈ ನಾಲ್ಕು ಮಾತನ್ನು ಅಲ್ಲಿನ ಕೌಂಟರಿನಲ್ಲಿ ಹೇಳಿದರೆ, ಅವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ.